ಬೇಕರಿಯ ಅಸಲು ಗೆರೆ

ದಿನಕ್ಕೆ ಎಷ್ಟು ವ್ಯಾಪಾರವಾದರೆ ಬೇಕರಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ ಎನ್ನುವ ಸ್ಥಿತಿ ಬರುತ್ತದೋ ಅದು ಅಸಲು ಗೆರೆ. ಬ್ಯಾಂಕಿನ ಸಾಲದ ಅರ್ಜಿಯಲ್ಲಿ ಇದನ್ನೇ ಬ್ರೇಕ್ ಈವನ್ ಎನ್ನುತ್ತಾರೆ. ತಿಂಗಳ ಸ್ಥಿರ ವೆಚ್ಚವನ್ನು ಒಂದು ರೂಪಾಯಿ ಮಾರಾಟದಿಂದ ಉಳಿಯುವ ಕೊಡುಗೆಯಿಂದ ಭಾಗಿಸಿದರೆ ಗೆರೆ ಸಿಗುತ್ತದೆ. ಮಾರಿದ ಬೆಲೆಯಲ್ಲಿ ಆ ಮಾಲಿಗಷ್ಟೇ ತಗುಲಿದ ಖರ್ಚನ್ನು ಕಳೆದು ಮಿಕ್ಕಿದ್ದು ಕೊಡುಗೆ. ಭಾಗಾಕಾರ ಸುಲಭ. ಕಷ್ಟವಿರುವುದು ಯಾವ ಖರ್ಚನ್ನು ಎಲ್ಲಿ ಬರೆಯಬೇಕು ಎಂಬುದರಲ್ಲಿ.

ಹಾಸನ ಸೀಮೆಯವರು ಬೆಂಗಳೂರಿನ ಬಡಾವಣೆಗಳಲ್ಲಿ ತೆರೆದ ಅಯ್ಯಂಗಾರ್ ಬೇಕರಿಯಂಥ ಒಂದು ಅಂಗಡಿಯನ್ನು ಲೆಕ್ಕಕ್ಕಾಗಿ ಕಲ್ಪಿಸಿಕೊಳ್ಳಬಹುದು. ಹಿಂದೆ ಓವನ್, ಮುಂದೆ ಗಾಜಿನ ಕೌಂಟರು. ಬಾಡಿಗೆ 30,000 ರೂಪಾಯಿ. ಮಾಸ್ಟರ್, ಸಹಾಯಕ, ಕೌಂಟರಿನ ಹುಡುಗ, ಮೂವರ ಸಂಬಳ 62,000. ಓವನ್, ಹಿಟ್ಟು ಕಲಸುವ ಯಂತ್ರ, ಫ್ರಿಜ್ಜು, ಕಪಾಟುಗಳಿಗೆ ಹಾಕಿದ 9,60,000 ರೂಪಾಯಿಯನ್ನು ಎಂಟು ವರ್ಷಕ್ಕೆ ಹಂಚಿದರೆ ಸವಕಳಿ ತಿಂಗಳಿಗೆ 10,000. ಕರೆಂಟಿನ ನಿಗದಿತ ಶುಲ್ಕ, ಫೋನು, ಶುಚಿ, ಲೈಸೆನ್ಸು ಎಲ್ಲ ಸೇರಿ 9,000. ಇನ್ನು ಮಾಲೀಕನ ಸ್ವಂತ ಸಂಬಳ 30,000. ಒಟ್ಟು 1,41,000.

ಕೊನೆಯ ಬಾಬನ್ನು ಬಿಟ್ಟುಬಿಡುವ ಅಭ್ಯಾಸ ಹಳೆಯದು. ಅದನ್ನು ಬಿಟ್ಟರೆ ಇದೇ ಅಂಗಡಿಯ ಗೆರೆ ದಿನಕ್ಕೆ 7,850 ರೂಪಾಯಿಯ ಹತ್ತಿರ ನಿಲ್ಲುತ್ತದೆ. ಸೇರಿಸಿದರೆ 10,000ಕ್ಕೆ ಹೋಗುತ್ತದೆ. ದಿನಕ್ಕೆ 8,500 ವ್ಯಾಪಾರ ಮಾಡಿ ಲಾಭದಲ್ಲಿದ್ದೇನೆ ಎಂದುಕೊಳ್ಳುವವನು ಬೆಳಗಿನ ನಾಲ್ಕು ಗಂಟೆಯಿಂದ ತನ್ನದೇ ಅಂಗಡಿಯಲ್ಲಿ ಅರೆ ಸಂಬಳಕ್ಕೂ ಕಡಿಮೆಗೆ ದುಡಿಯುತ್ತಿರುತ್ತಾನೆ. ಸ್ವಂತ ಕಟ್ಟಡದ ಬಾಡಿಗೆಗೂ ಇದೇ ನ್ಯಾಯ. ಆ ಮಳಿಗೆಯನ್ನು ಬೇರೆಯವರಿಗೆ ಕೊಟ್ಟಿದ್ದರೆ ಬರುತ್ತಿದ್ದ ಹಣ ಲೆಕ್ಕದಲ್ಲಿ ಇರಲೇಬೇಕು.

ಬದಲಾಗುವ ವೆಚ್ಚಕ್ಕೆ ಖಾರ ಬನ್ನನ್ನೇ ತೆಗೆದುಕೊಳ್ಳಬಹುದು. ಒಂದು ಕಲಸಿಗೆ ಹತ್ತು ಕೆ.ಜಿ. ಮೈದಾ, 420 ರೂಪಾಯಿ. ಎರಡು ಕೆ.ಜಿ. ವನಸ್ಪತಿ, 300. ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಕರಿಬೇವು, ಸಕ್ಕರೆ, ಯೀಸ್ಟ್, ಉಪ್ಪು ಎಲ್ಲ ಸೇರಿ 280. ಓವನ್ನಿನ ಉರಿಗೆ 140, ಕಾಗದದ ಕವರಿಗೆ 60. ಒಟ್ಟು 1,200. ಸುಮಾರು 110 ಗ್ರಾಮಿನ ಉಂಡೆ ಮಾಡಿದರೆ 200 ಬನ್ನು. ಒಂದಕ್ಕೆ ಆರು ರೂಪಾಯಿ ಬಿತ್ತು, ಮಾರುವುದು ಹದಿನಾರಕ್ಕೆ, ಹತ್ತು ಉಳಿಯಿತು ಎಂದು ಇಲ್ಲಿಗೇ ನಿಲ್ಲಿಸುವವರು ಬಹಳ. ಆದರೆ ಇನ್ನೂರೂ ಮಾರಾಟವಾಗುವುದಿಲ್ಲ. ರಾತ್ರಿ ಬಾಗಿಲು ಹಾಕುವಾಗ ಟ್ರೇಯಲ್ಲಿ ಹನ್ನೆರಡು ಉಳಿದಿರುತ್ತವೆ. 188 ಬನ್ನಿನಿಂದ ಬಂದದ್ದು 3,008 ರೂಪಾಯಿ, ಖರ್ಚು ಮಾತ್ರ ಅದೇ 1,200. ಹಾಗಾಗಿ ನೂರು ರೂಪಾಯಿ ಮಾರಾಟಕ್ಕೆ ಕೊಡುಗೆ 60. ಉಳಿದ ಮಾಲನ್ನು ನಷ್ಟವೆಂದು ಬೇರೆ ಕಡೆ ಬರೆಯದೆ, ಮಾರಿದ ಮಾಲಿನ ಮೇಲೆಯೇ ಹೊರಿಸುವುದು ಸರಿಯಾದ ಕ್ರಮ.

ಉಳಿದ ತಿನಿಸುಗಳಿಗೂ ಹೀಗೆಯೇ ಲೆಕ್ಕ ಹಾಕಬೇಕು. ಬ್ರೆಡ್ಡು, ಬನ್ನು, ಪಫ್ಫು ಸೇರಿದ ಮೊದಲ ಗುಂಪು ಮಾರಾಟದ ಅರ್ಧ, ಕೊಡುಗೆ ನೂರಕ್ಕೆ 60. ಕೇಕು, ದಿಲ್‌ಪಸಂದ್, ಬಿಸ್ಕತ್ತು ಮಾರಾಟದಲ್ಲಿ ನೂರಕ್ಕೆ 30, ಕೊಡುಗೆ 50. ಹೊರಗಿನಿಂದ ತಂದು ಮಾರುವ ಹಾಲು, ಚಿಪ್ಸು, ತಂಪು ಪಾನೀಯ ನೂರಕ್ಕೆ 20, ಕೊಡುಗೆ ಹತ್ತೇ. ಮೂರನ್ನೂ ಪಾಲಿಗೆ ತಕ್ಕಂತೆ ಕೂಡಿದರೆ 30, 15, 2, ಒಟ್ಟು 47. 1,41,000ವನ್ನು 0.47ರಿಂದ ಭಾಗಿಸಿದರೆ ತಿಂಗಳಿಗೆ ಮೂರು ಲಕ್ಷ, ಮೂವತ್ತು ದಿನಕ್ಕೆ ಹಂಚಿದರೆ ದಿನಕ್ಕೆ 10,000. ಊರ ಜಾತ್ರೆಗೆಂದು ಹುಡುಗರು ಹೋಗಿ ನಾಲ್ಕು ದಿನ ಬಾಗಿಲು ಹಾಕಿದ ತಿಂಗಳಲ್ಲಿ ಅದೇ ಮೂರು ಲಕ್ಷವನ್ನು 26 ದಿನದಲ್ಲಿ ದುಡಿಯಬೇಕು, ದಿನಕ್ಕೆ 11,500ಕ್ಕೂ ಮೇಲೆ.

ಈ ಪದ್ಧತಿಗೆ ಹಳೆಯದೊಂದು ವಿರೋಧ ಇದೆ. ಬಾಡಿಗೆ, ಸಂಬಳವನ್ನೂ ಪ್ರತಿ ಬನ್ನಿಗೆ ಹಂಚಿ ‘ಪೂರ್ತಿ ಅಸಲು’ ಹೇಳಬೇಕು ಎನ್ನುವವರ ಪಂಥ ಅದು. ಮಾರಾಟದ ಪ್ರತಿ ರೂಪಾಯಿಗೆ 47 ಪೈಸೆ ಸ್ಥಿರ ವೆಚ್ಚವೆಂದು ಹಂಚಿದರೆ ಹದಿನಾರು ರೂಪಾಯಿಯ ಬನ್ನಿನ ಅಸಲು ಸುಮಾರು 14. ಪಕ್ಕದ ಹಾಸ್ಟೆಲ್ಲಿನವರು ದಿನಾ ಸಂಜೆ ನೂರು ಬನ್ನಿಗೆ ಹನ್ನೊಂದರಂತೆ ಕೊಡುತ್ತೇವೆಂದರೆ ಈ ಪಂಥದವರು ಬೇಡವೆನ್ನುತ್ತಾರೆ. ಆ ಬನ್ನಿಗೆ ನಿಜವಾಗಿ ಹೆಚ್ಚುವ ಖರ್ಚು ಆರು. ಮುಂಗಡ ಆರ್ಡರಾದ್ದರಿಂದ ಉಳಿಯುವ ಮಾಲಿಲ್ಲ. ದಿನಕ್ಕೆ 500, ತಿಂಗಳಿಗೆ 15,000 ಬರುತ್ತದೆ, ಅರ್ಧ ಬಾಡಿಗೆ. ಸಂಜೆ ಓವನ್ ಖಾಲಿ ಇರಬೇಕು, ಹಾಸ್ಟೆಲ್ಲಿನ ಹುಡುಗರು ಈಗಾಗಲೇ ಕೌಂಟರಿಗೆ ಬಂದು ಹದಿನಾರಕ್ಕೆ ಕೊಳ್ಳುತ್ತಿರಬಾರದು, ಇವೆರಡೇ ಷರತ್ತು. ಅಮೆರಿಕದ ಅರ್ಥಶಾಸ್ತ್ರಜ್ಞ ಜಾನ್ ಮಾರಿಸ್ ಕ್ಲಾರ್ಕ್ 1923ರಲ್ಲಿ ಸ್ಥಿರ ವೆಚ್ಚಗಳ ಕುರಿತೇ ಒಂದು ದೊಡ್ಡ ಪುಸ್ತಕ ಬರೆದ. ಕೇಳುವ ಪ್ರಶ್ನೆ ಬದಲಾದರೆ ಅಸಲೂ ಬದಲಾಗುತ್ತದೆ, ಎಲ್ಲ ಪ್ರಶ್ನೆಗೂ ಹೊಂದುವ ಒಂದೇ ಅಸಲು ಇಲ್ಲ ಎಂಬುದು ಅವನ ವಾದದ ತಿರುಳು. ನೂರು ವರ್ಷ ದಾಟಿದರೂ ಆ ಮಾತಿಗೆ ಪೂರ್ತಿ ಅಸಲಿನ ಪಂಥದಿಂದ ತೃಪ್ತಿಕರ ಉತ್ತರ ಬಂದಿಲ್ಲ.

ಗೆರೆ ಒಂದೇ ಕಡೆ ನಿಲ್ಲುವುದಿಲ್ಲವಾದ್ದರಿಂದ ಏನು ಬದಲಾದರೆ ಎಷ್ಟು ಸರಿಯುತ್ತದೆ ಎಂಬ ಪಟ್ಟಿ ಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಉಳಿದದ್ದನ್ನು ಇದ್ದಂತೆಯೇ ಬಿಡುವುದು ನಿಯಮ. ಕೊನೆಯ ಕಂಬಸಾಲನ್ನು ಹತ್ತಿರದ 50 ರೂಪಾಯಿಗೆ ಸರಿಹೊಂದಿಸಿದೆ.

| ಬದಲಾವಣೆ | ನೂರಕ್ಕೆ ಕೊಡುಗೆ | ದಿನದ ಅಸಲು ಗೆರೆ (ರೂ.) |
|---|---|---|
| ಈಗಿನ ಸ್ಥಿತಿ | 47 | 10,000 |
| ಬಾಡಿಗೆ 20% ಏರಿದರೆ | 47 | 10,450 |
| ಮೈದಾ 20% ಏರಿದರೆ | 45 | 10,450 |
| ಬನ್ನು, ಬ್ರೆಡ್ಡು, ಪಫ್ಫು ಉಳಿಯುವುದು ನೂರಕ್ಕೆ 6ರಿಂದ 15ಕ್ಕೆ ಹೋದರೆ | 44.9 | 10,450 |
| ಸ್ವಂತ ತಯಾರಿಯ ಬೆಲೆ 5% ಏರಿಸಿದರೆ | 49 | 9,600 |
| ಸ್ವಂತ ತಯಾರಿಯ ಬೆಲೆ 10% ಇಳಿಸಿದರೆ | 42.4 | 11,100 |
| ಹೊರಗಿನ ಮಾಲಿನ ಪಾಲು 20ರಿಂದ 35ಕ್ಕೆ ಏರಿದರೆ | 40.1 | 11,750 |

ಎರಡು, ಮೂರು, ನಾಲ್ಕನೆಯ ಸಾಲುಗಳನ್ನು ಒಟ್ಟಿಗೆ ಓದಬೇಕು. ಬಾಡಿಗೆ ಏರಿದರೆ ಮಾಲೀಕರು ವಾರಗಟ್ಟಲೆ ಚೌಕಾಸಿ ಮಾಡುತ್ತಾರೆ. ಮೈದಾ ಏರಿದರೆ ಬೇರೆ ಮಂಡಿ ಹುಡುಕುತ್ತಾರೆ. ಟ್ರೇಯಲ್ಲಿ ಹನ್ನೆರಡರ ಬದಲು ಮೂವತ್ತು ಬನ್ನು ಉಳಿಯುವುದು ಅಷ್ಟೇ ದೊಡ್ಡ ಪೆಟ್ಟು, ಆದರೆ ಅದಕ್ಕೆ ಬಿಲ್ಲು ಬರುವುದಿಲ್ಲ, ಆದ್ದರಿಂದ ಕಣ್ಣಿಗೂ ಬೀಳುವುದಿಲ್ಲ. ಕಂಡುಹಿಡಿಯುವ ದಾರಿ ಮೈದಾ ಮೂಟೆ. ಐವತ್ತು ಕೆ.ಜಿ. ಮೂಟೆಯಿಂದ ಸಾವಿರ ಖಾರ ಬನ್ನು ಆಗಬೇಕು. ಮೂಟೆ ಖಾಲಿಯಾಗುವ ಹೊತ್ತಿಗೆ ಕೌಂಟರಿನಲ್ಲಿ ಮಾರಿದ್ದು 850 ಆದರೆ ಮಿಕ್ಕ 150 ಎಲ್ಲೋ ಹೋಗಿವೆ. ಉಂಡೆ 110 ಗ್ರಾಮಿನ ಬದಲು 125 ಆಗಿದೆಯೇ ಎಂದು ಮೊದಲು ತೂಗಿ ನೋಡಬೇಕು. ಅದು ಸರಿಯಿದ್ದರೆ ಮಾಲು ಮಿಕ್ಕುತ್ತಿದೆ ಎಂದೇ ಅರ್ಥ.

ಬೆಲೆಯ ಸಾಲಿನಲ್ಲಿ ಕಾಣದ ಒಂದು ಸಂಗತಿ ಇದೆ. ಬೆಲೆಯನ್ನು ಹತ್ತು ಶೇಕಡ ಇಳಿಸಿದಾಗ ಗೆರೆ ರೂಪಾಯಿಯಲ್ಲಿ ಹನ್ನೊಂದು ಶೇಕಡ ಏರಿದಂತೆ ಕಾಣುತ್ತದೆ. ಆದರೆ ಈಗ ಪ್ರತಿ ಬನ್ನೂ ಅಗ್ಗ. ಮೊದಲು ನೂರು ರೂಪಾಯಿಗೆ ಹೋಗುತ್ತಿದ್ದ ಮಾಲಿನಿಂದ 47 ಉಳಿಯುತ್ತಿತ್ತು, ಅಷ್ಟೇ ಮಾಲಿನಿಂದ ಈಗ ಉಳಿಯುವುದು 39. ಹಳೆಯ ಜಾಗದಲ್ಲೇ ನಿಲ್ಲಲು ನೂರು ತಿನಿಸು ಮಾರುತ್ತಿದ್ದಲ್ಲಿ ನೂರಿಪ್ಪತ್ತು ಮಾರಬೇಕು. ಎದುರು ಬೇಕರಿಯವನು ಇಳಿಸಿದನೆಂದು ತಾನೂ ಇಳಿಸುವ ಮುನ್ನ ಮಾಸ್ಟರನ್ನು ಕೇಳಬೇಕಾದದ್ದು, ಇನ್ನೂ ಐದರಲ್ಲೊಂದು ಪಾಲು ಹೆಚ್ಚು ಬೇಯಿಸಲು ಆಗುತ್ತದೆಯೇ ಎಂದು.

ಪಟ್ಟಿಯ ಕೊನೆಯ ಸಾಲು ಹೆಚ್ಚು ಜಾಗ ಬೇಡುತ್ತದೆ. ಬೆಳಗಿನ ಹಾಲಿನ ಗಿರಾಕಿ ಗಲ್ಲಾಪೆಟ್ಟಿಗೆಯನ್ನು ಬೇಗ ತುಂಬಿಸುತ್ತಾನೆ. ಸಂಜೆ ಎಣಿಸಿದರೆ 11,500, ಗೆರೆ 10,000 ಎಂದು ನೆನಪಿರುವ ಮಾಲೀಕ ನಿಶ್ಚಿಂತನಾಗುತ್ತಾನೆ. ಆದರೆ ಹಾಲು, ಚಿಪ್ಸಿನ ಪಾಲು 35ಕ್ಕೆ ಏರಿದ್ದರೆ ಅವನ ಗೆರೆ ಆಗಲೇ 11,750ಕ್ಕೆ ಸರಿದಿದೆ, ಅವನು ಅದರ ಕೆಳಗಿದ್ದಾನೆ. ಹಾಗೆಂದು ಹಾಲು ಮಾರುವುದೇ ತಪ್ಪಲ್ಲ. ಬನ್ನಿನ ವ್ಯಾಪಾರ ಇದ್ದಷ್ಟೇ ಇದ್ದು ಅದರ ಮೇಲೆ 2,000 ರೂಪಾಯಿಯ ಹಾಲು, ಚಿಪ್ಸು ಹೋದರೆ 200 ಹೆಚ್ಚುವರಿ ಬಂದಂತೆ. ಅದೇ 200 ರೂಪಾಯಿ ಮೊದಲ ಗುಂಪಿನ 333 ರೂಪಾಯಿ ಮಾರಾಟದಿಂದಲೂ ಬರುತ್ತದೆ. ಗಾಜಿನ ಕೌಂಟರಿನ ಮುಂದಿನ ಜಾಗವನ್ನು ಚಿಪ್ಸಿನ ಪೊಟ್ಟಣ ಮುಚ್ಚಿ ದಿಲ್‌ಪಸಂದ್ ಕಾಣದಂತಾದಾಗ ಮಾತ್ರ ನಷ್ಟ. ಆದ್ದರಿಂದ ಹೊರಗಿನ ಮಾಲಿಗೆ ಬೇರೆ ಡಬ್ಬಿ ಇಟ್ಟು ಎಣಿಸುವುದು ಒಳ್ಳೆಯದು.

ಇದಕ್ಕೆ ತೆರಿಗೆಯ ಕಾರಣವೂ ಇದೆ. ಸರಕು ಮಾರುವವರ ವರ್ಷದ ವಹಿವಾಟು 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಬ್ರೆಡ್ಡಿಗೂ ಹಾಲಿಗೂ ತೆರಿಗೆ ಇಲ್ಲ, ಆದರೂ ವಹಿವಾಟಿನ ಲೆಕ್ಕಕ್ಕೆ ಎರಡೂ ಸೇರುತ್ತವೆ. 2025ರ ಜುಲೈನಲ್ಲಿ ಯುಪಿಐ ಜಮೆಯ ಆಧಾರದ ಮೇಲೆ ಕರ್ನಾಟಕದ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಬಂದಾಗ ಬೇಕರಿಗಳವರು ಬೆಚ್ಚಿದ್ದು ಈ ಮಿತಿಯ ವಿಚಾರಕ್ಕೇ. ದಿನಕ್ಕೆ ಹಂಚಿದರೆ ಮಿತಿ ಸುಮಾರು 10,950. ಇಲ್ಲಿ ಕಲ್ಪಿಸಿಕೊಂಡ ಅಂಗಡಿಯ ಗೆರೆಗೂ ಅದಕ್ಕೂ ನಡುವೆ ಸಾವಿರ ರೂಪಾಯಿ ಅಂತರವೂ ಇಲ್ಲ. ರಾಜಿ ತೆರಿಗೆ ಪದ್ಧತಿಗೆ ಸೇರಿದ ತಯಾರಕ ವಹಿವಾಟಿನ ಶೇಕಡ 1 ಕಟ್ಟಬೇಕು, ಗಿರಾಕಿಯಿಂದ ಬೇರೆಯಾಗಿ ವಸೂಲು ಮಾಡುವಂತಿಲ್ಲ. ಅಂದರೆ ಕೊಡುಗೆಯಲ್ಲಿ ಒಂದು ರೂಪಾಯಿ ಕಡಿತ. 47 ಇದ್ದವನಿಗೆ ಗೆರೆ 10,200 ಆಗುತ್ತದೆ, ಹಾಲು ಹೆಚ್ಚಿಸಿಕೊಂಡು 40ಕ್ಕೆ ಇಳಿದವನಿಗೆ 12,050.

ಈ ಪಟ್ಟಿಗೂ ಎಲ್ಲೆ ಇದೆ. ಒಂದೇ ಮಾಸ್ಟರ್, ಒಂದೇ ಓವನ್ ಸಾಕಾಗುವವರೆಗೆ ಸ್ಥಿರ ವೆಚ್ಚ ಸ್ಥಿರ. ಅದಕ್ಕಿಂತ ಹೆಚ್ಚು ಬೇಯಿಸಬೇಕೆಂದು 28,000 ಸಂಬಳದ ಎರಡನೆಯ ಮಾಸ್ಟರನ್ನು ತಂದ ದಿನ ಗೆರೆ ಮೆಟ್ಟಿಲು ಹತ್ತಿದಂತೆ ದಿನಕ್ಕೆ ಸುಮಾರು 2,000 ಮೇಲಕ್ಕೆ ಹೋಗುತ್ತದೆ. 12,000ದಿಂದ 13,000ಕ್ಕೆ ವ್ಯಾಪಾರ ಬೆಳೆಸಲು ಅವನನ್ನು ತಂದರೆ ಮೊದಲಿಗಿಂತ ಕಡಿಮೆ ಉಳಿಯುತ್ತದೆ. ವ್ಯಾಪಾರ 14,000 ಮುಟ್ಟಿದಾಗಲಷ್ಟೇ ಅವನ ಸಂಬಳ ಹುಟ್ಟುತ್ತದೆ.