ಲಾಂಚಿನ ಸರತಿಯಲ್ಲಿ ಸಿಗುತ್ತಿದ್ದ ವಿಶ್ರಾಂತಿ

ಶಿಕಾರಿಪುರ, ಶಿರಾಳಕೊಪ್ಪ, ಸೊರಬದ ಕಡೆಯ ಮನೆಗಳಲ್ಲಿ ಈಗ ಒಂದು ಪ್ರವಾಸದ ಯೋಜನೆಗೆ ಭಾರಿ ಹೆಸರು. ಬೆಳಗಿನ ಐದಕ್ಕೆ ಹೊರಡುವುದು, ಸಿಗಂದೂರು, ಕೊಲ್ಲೂರು, ಮುರುಡೇಶ್ವರ ಮುಗಿಸುವುದು, ಹೊನ್ನಾವರದಿಂದ ಗೇರುಸೊಪ್ಪೆಯ ಘಾಟಿ ಹತ್ತಿ ಜೋಗದ ಮೇಲೆ ರಾತ್ರಿ ಮನೆ ಸೇರುವುದು. ಒಂದು ಗಾಡಿ, ಒಬ್ಬನೇ ಓಡಿಸುವವನು, ಏಳು ಜನ. ಇದನ್ನು ಮಾಡಿಬಂದವರು ಜಾಣತನದ ಪ್ಲಾನು ಎನ್ನುತ್ತಾರೆ, ಮಾಡದವರು ಮುಂದಿನ ರಜೆಗೆ ಇಟ್ಟುಕೊಂಡಿದ್ದಾರೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಇದು ಕೆಟ್ಟ ಯೋಜನೆ. ನೋಡಲು ಅಚ್ಚುಕಟ್ಟಾಗಿರುವುದರಿಂದಲೇ ಇದರ ದೋಷ ಕಣ್ಣಿಗೆ ಬೀಳುವುದಿಲ್ಲ.

ಯೋಜನೆಗೆ ಈ ಹೆಸರು ಬಂದದ್ದು 2025ರ ಜುಲೈ 14ರ ನಂತರ. ಅಂದು ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಶರಾವತಿ ಹಿನ್ನೀರಿನ ಮೇಲಿನ ಸೇತುವೆ ಉದ್ಘಾಟನೆಯಾಯಿತು. ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಆ ಸೇತುವೆ ಕರೂರು ಸೀಮೆಯ ಜನ ದಶಕಗಳ ಕಾಲ ಕೇಳಿ ಪಡೆದದ್ದು. ಹೆರಿಗೆಗೂ ಆಸ್ಪತ್ರೆಗೂ ಲಾಂಚು ಕಾದವರ ಬವಣೆಯ ಮುಂದೆ ಪ್ರವಾಸಿಗಳ ಮಾತು ಸಣ್ಣದು. ಸೇತುವೆಯ ಮೇಲೆ ನನಗೆ ಯಾವ ತಕರಾರೂ ಇಲ್ಲ. ಆದರೆ ಲಾಂಚು ಇದ್ದಾಗ ನಮ್ಮ ಪ್ರಯಾಣದೊಳಗೆ ಏನಿತ್ತು, ಅದು ಹೋದಮೇಲೆ ಏನು ಖಾಲಿಯಾಯಿತು ಎಂಬುದನ್ನು ಯೋಜನೆ ಬರೆದವರು ನೋಡಿಲ್ಲ.

ಹೊಳೆಬಾಗಿಲಿನಲ್ಲಿ ಗಾಡಿ ಸರತಿಯಲ್ಲಿ ನಿಂತರೆ ಓಡಿಸುವವನು ಕೆಳಗಿಳಿಯಲೇಬೇಕಿತ್ತು. ಚಹಾ ಕುಡಿಯುತ್ತಿದ್ದ, ಸೀಟು ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚುತ್ತಿದ್ದ. ರಜೆಯ ದಿನವಾದರೆ ಗಂಟೆಗಟ್ಟಲೆ ಕಾಯಬೇಕಿತ್ತು, ಸಂಜೆಯಾದರೆ ಲಾಂಚು ನಿಲ್ಲುತ್ತಿತ್ತು. ಹಾಗಾಗಿ ಸಿಗಂದೂರಿಗೆ ಹೋದ ದಿನ ಸಿಗಂದೂರೇ. ಹೆಚ್ಚೆಂದರೆ ಬರುವಾಗ ಇಕ್ಕೇರಿ. ದಿನಕ್ಕೆ ಎಷ್ಟು ಓಡಿಸಬೇಕು ಎಂಬ ಮಿತಿಯನ್ನು ನಾವು ಯಾರೂ ಹಾಕಿಕೊಂಡಿರಲಿಲ್ಲ, ನೀರು ಹಾಕಿತ್ತು. ಈಗ ನೀರು ದಾರಿ ಬಿಟ್ಟಿದೆ. ಮಿತಿಯನ್ನು ನಾವೇ ಬರೆದುಕೊಳ್ಳಬೇಕಾದ ಹೊತ್ತಿನಲ್ಲಿ, ಮಿತಿಯೇ ಬೇಡ ಎನ್ನುವ ಯೋಜನೆಗೆ ಜಾಣತನದ ಹೆಸರು ಸಿಕ್ಕಿದೆ.

ಇನ್ನು ಯೋಜನೆಯನ್ನೇ ಸಾಲುಸಾಲಾಗಿ ಓದೋಣ. ಅದರ ಹೆಗ್ಗಳಿಕೆಯೆಲ್ಲ ಒಂದು ಅಂಕಿಯ ಮೇಲೆ ನಿಂತಿದೆ: ಒಟ್ಟು ಸುಮಾರು 370 ಕಿಲೋಮೀಟರ್. ಶಿಕಾರಿಪುರದಿಂದ ಬೆಂಗಳೂರಿಗೆ ಹೋದಷ್ಟೇ, ಅದರಲ್ಲೇನು ಎನ್ನುತ್ತಾರೆ. ಆದರೆ ಕಿಲೋಮೀಟರು ಘಟ್ಟದ ಸೀಮೆಯಲ್ಲಿ ಸುಳ್ಳು ಹೇಳುವ ಅಳತೆ. ಗಂಟೆಗೆ ತಿರುಗಿಸಿ ನೋಡಿ. ಸಾಗರಕ್ಕೆ ಒಂದೂವರೆ ಗಂಟೆ. ಅಲ್ಲಿಂದ ಸಿಗಂದೂರಿಗೆ ಒಂದು ಗಂಟೆ ಹತ್ತು ನಿಮಿಷ. ಕೊಲ್ಲೂರಿಗೆ ಒಂದೂಕಾಲು, ಮುರುಡೇಶ್ವರಕ್ಕೆ ಒಂದೂವರೆ, ಹೊನ್ನಾವರಕ್ಕೆ ನಲವತ್ತು ನಿಮಿಷ. ಘಾಟಿ ಹತ್ತಿ ಜೋಗಕ್ಕೆ ಒಂದು ಗಂಟೆ ಐವತ್ತು ನಿಮಿಷ, ಸಾಗರಕ್ಕೆ ನಲವತ್ತು ನಿಮಿಷ, ಮತ್ತೆ ಮನೆಗೆ ಒಂದೂವರೆ ಗಂಟೆ. ಚಕ್ರದ ಹಿಂದೆ ಕೂತ ಹೊತ್ತು ಹತ್ತು ಗಂಟೆ ದಾಟಿತು. ಯಾರೂ ಅಡ್ಡ ಬರದ, ಮಳೆ ಬಾರದ ದಿನದ ಲೆಕ್ಕ ಇದು.

ಹತ್ತು ಗಂಟೆ ಹೆಚ್ಚೋ ಕಡಿಮೆಯೋ ಎಂದು ಊಹಿಸಬೇಕಾಗಿಲ್ಲ. ಸಂಬಳಕ್ಕೆ ಓಡಿಸುವವರ ವಿಚಾರದಲ್ಲಿ ನಮ್ಮ ದೇಶ ಇದನ್ನು 1961ರಲ್ಲೇ ತೀರ್ಮಾನಿಸಿದೆ. ಆ ವರ್ಷದ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ದಿನದ ಕೆಲಸ ಸಾಮಾನ್ಯವಾಗಿ ಎಂಟು ಗಂಟೆ, ಸತತ ಐದು ಗಂಟೆಯೊಳಗೆ ಅರ್ಧ ಗಂಟೆಯಾದರೂ ವಿರಾಮ ಎಂದಿತ್ತು. ದಿನವೂ ಅದೇ ಕಸುಬು ಮಾಡಿ ಕೈ ಪಳಗಿದವನಿಗೆ ಎಂಟು ಗಂಟೆ. ವಾರವೆಲ್ಲ ಅಂಗಡಿಯಲ್ಲೋ ಕಚೇರಿಯಲ್ಲೋ ಕೂತು ಭಾನುವಾರ ಸ್ಟೇರಿಂಗ್ ಹಿಡಿಯುವ ನಮ್ಮ ಮನೆಯ ಹುಡುಗನಿಗೆ ಹತ್ತು ಗಂಟೆ! ಅವನಿಗೆ ಆರು ಗಂಟೆಯ ಮೇಲೆ ಒಂದು ನಿಮಿಷವನ್ನೂ ನಾನು ಬರೆಯಲಾರೆ.

ಯೋಜನೆಯ ಕಟ್ಟಕಡೆಯ ಸಾಲು ನನ್ನನ್ನು ಬಹಳ ಕಾಡಿದೆ: ‘ಸಾಗರದಲ್ಲಿ ಊಟ, ನಂತರ ಮನೆ.’ ಇಷ್ಟು ಮುಗ್ಧವಾಗಿ ಕಾಣುವ ಸಾಲು ಇಡೀ ಕಾಗದದಲ್ಲಿ ಇನ್ನೊಂದಿಲ್ಲ, ಇಷ್ಟು ಅಪಾಯದ್ದೂ ಇಲ್ಲ. ಗಡಿಯಾರ ಹಿಡಿದು ಹೋಗೋಣ. ಐದಕ್ಕೆ ಹೊರಟವರು ಸಿಗಂದೂರು ತಲುಪುವುದು 7.40ಕ್ಕೆ. ದರ್ಶನ, ತಿಂಡಿ ಮುಗಿಸಿ 9.40ಕ್ಕೆ ಹೊರಟರೆ ಕೊಲ್ಲೂರು 10.55. ಅಲ್ಲಿ ದರ್ಶನ, ಊಟ ಮುಗಿಸಿ ಹೊರಡುವಾಗ ಒಂದೂವರೆ. ಮುರುಡೇಶ್ವರ ಮೂರು ಗಂಟೆಗೆ. ಅಲ್ಲಿಂದ 4.45ಕ್ಕೆ ಎದ್ದರೆ ಹೊನ್ನಾವರದಲ್ಲಿ ಚಹಾ ಕುಡಿದು ಹೊರಡುವಾಗ 5.40. ಚಳಿಗಾಲದಲ್ಲಿ ಕತ್ತಲು ಬೀಳುವ ಹೊತ್ತಿಗೆ ಸರಿಯಾಗಿ ಘಾಟಿ. ಜೋಗ ಏಳೂವರೆ, ಸಾಗರ 8.10, ಊಟ ಮುಗಿಸಿ ಎದ್ದಾಗ 8.55. ಮನೆ ರಾತ್ರಿ 10.25.

ಐದಕ್ಕೆ ಹೊರಡಬೇಕಾದವನು ನಾಲ್ಕಕ್ಕಾದರೂ ಎದ್ದಿರುತ್ತಾನೆ. ಅಂದರೆ ಸಾಗರದ ಊಟದಿಂದ ಎದ್ದಾಗ ಅವನು ಎಚ್ಚರವಾಗಿ ಹೆಚ್ಚೂಕಡಿಮೆ 17 ಗಂಟೆ. ಆಸ್ಟ್ರೇಲಿಯಾದ ಡಾಸನ್ ಮತ್ತು ರೀಡ್ ಎಂಬ ಸಂಶೋಧಕರು 1997ರಲ್ಲಿ ತೋರಿಸಿಕೊಟ್ಟದ್ದು ಇದೇ ಅಂಕಿಯನ್ನು: 17 ಗಂಟೆ ನಿದ್ದೆಯಿಲ್ಲದವನ ಕೈಕಣ್ಣಿನ ಹೊಂದಾಣಿಕೆ, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯ ಇರುವವನ ಮಟ್ಟಕ್ಕೆ ಇಳಿದಿರುತ್ತದೆ. ನಮ್ಮ ಕಾನೂನು ಕುಡಿದು ಓಡಿಸಿದ್ದೆಂದು ಹಿಡಿಯುವುದು 30 ಮಿಲಿಗ್ರಾಂ ದಾಟಿದರೆ. ದೇವರ ದರ್ಶನಕ್ಕೆಂದು ಮಡಿಯಲ್ಲಿ ಹೊರಟು, ಹನಿ ಮುಟ್ಟದೆ, ಕುಡಿದವನ ಕಣ್ಣಿನಲ್ಲಿ ಆನಂದಪುರದ ದಾರಿ ಹಿಡಿಯುವುದು ಈ ಯೋಜನೆಯ ಕೊನೆಯ ಸಾಲು.

ಅದೂ ಪರಿಚಯದ ದಾರಿ. ಘಾಟಿಯಲ್ಲಿ ಭಯವೇ ಎಚ್ಚರ ಇಡುತ್ತದೆ. ಮನೆ ಹತ್ತಿರವಾದಂತೆ ಮೈ ಸಡಿಲವಾಗುತ್ತದೆ, ಹಿಂದಿನ ಸೀಟಿನವರೆಲ್ಲ ಮಲಗಿರುತ್ತಾರೆ. ಒಮ್ಮೆ ನಾನು ಹೀಗೆ ಬರುತ್ತಾ ಶಿಕಾರಿಪುರದ ದೀಪ ಕಂಡಾಗ, ಆನಂದಪುರ ದಾಟಿದ್ದೇ ನನಗೆ ನೆನಪಿರಲಿಲ್ಲ. ಕಣ್ಣು ತೆರೆದೇ ಇತ್ತು, ಗಾಡಿ ತಿರುವುಗಳನ್ನೆಲ್ಲ ತಿರುಗಿತ್ತು, ನಾನು ಮಾತ್ರ ಇರಲಿಲ್ಲ. ನಿದ್ದೆಯ ಮೊದಲ ಗುರುತು ಆಕಳಿಕೆ ಎಂದು ತಿಳಿದವರು ಮೋಸ ಹೋಗುತ್ತಾರೆ. ದಾಟಿದ ಊರು ನೆನಪಿಗೆ ಬಾರದಿರುವುದು, ಗಾಡಿ ರಸ್ತೆಯ ಅಂಚಿಗೆ ಸರಿದು ದಡಕ್ಕನೆ ಸರಿಪಡಿಸಿಕೊಳ್ಳುವುದು, ವೇಗ ತನ್ನಷ್ಟಕ್ಕೆ ಏರಿಳಿಯುವುದು ಅಸಲು ಗುರುತುಗಳು. ಗಂಟೆಗೆ 60ರ ವೇಗದಲ್ಲಿ ನಾಲ್ಕು ಸೆಕೆಂಡು ಮಂಪರು ಬಂದರೆ ಗಾಡಿ 65 ಮೀಟರಿಗೂ ಹೆಚ್ಚು ಯಾರೂ ನೋಡದೆ ಓಡಿರುತ್ತದೆ. ಕಿಟಕಿ ಇಳಿಸುವುದು, ಜೋರಾಗಿ ಹಾಡು ಹಾಕುವುದು ಆ ಮಂಪರನ್ನು ತಡೆಯುವುದಿಲ್ಲ. ಗಾಡಿ ನಿಲ್ಲಿಸಿ ಇಪ್ಪತ್ತು ನಿಮಿಷ ಮಲಗಿದರೆ ಸ್ವಲ್ಪ ದೂರಕ್ಕೆ ಸಾಲುತ್ತದೆ, ಊರು ಮುಟ್ಟುವಷ್ಟು ಸಾಲುತ್ತದೆ ಎಂದು ನಂಬಬಾರದು.

ಇಲ್ಲಿ ಪ್ರವಾಸದ ಬಗ್ಗೆ ಬರೆಯುವ ಇತರರೊಂದಿಗೆ ನನ್ನ ಜಗಳವಿದೆ. ಅವರೂ ಸುರಕ್ಷತೆಯ ಮಾತಾಡುತ್ತಾರೆ, ಆದರೆ ಅವರ ಬರಹ ಗಾಡಿಯ ಸುತ್ತಲೇ ಸುತ್ತುತ್ತದೆ: ಎಣ್ಣೆ ನೋಡಿ, ಬ್ಯಾಟರಿ ನೋಡಿ, ಬೆಲ್ಟು ನೋಡಿ, ವೈಪರ್ ನೋಡಿ. ಇಪ್ಪತ್ತು ಅಂಶಗಳಿಗೂ ಒಂದೇ ತೂಕ. ಓದಿದವನು ಎಲ್ಲಕ್ಕೂ ಗುರುತು ಹಾಕಿ, ತಾನು ಸಿದ್ಧ ಎಂದುಕೊಂಡು, ಹತ್ತು ಗಂಟೆಯ ದಾರಿಗೆ ನಾಲ್ಕು ತಾಸು ನಿದ್ದೆ ಮಾಡಿ ಹೊರಡುತ್ತಾನೆ. ಗಾಡಿಯ ಸಿದ್ಧತೆ ಬೇಡವೆನ್ನುತ್ತಿಲ್ಲ. ಈ ದಾರಿಗೆ, ಏಳು ಜನ ಕೂತ ಗಾಡಿಗೆ, ಎರಡು ವಿಷಯ ಉಳಿದೆಲ್ಲಕ್ಕಿಂತ ಮೇಲು ಎಂದು ಅವರು ಹೇಳಬೇಕಿತ್ತು.

ಒಂದು ಟೈರಿನ ಗಾಳಿ. ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೊಂದು ಚೀಟಿ ಅಂಟಿಸಿರುತ್ತದೆ. ಸಾಮಾನ್ಯವಾಗಿ ಅದರಲ್ಲಿ ಇಬ್ಬರು ಕೂತಾಗ ಎಷ್ಟು, ಪೂರ್ತಿ ತುಂಬಿದಾಗ ಎಷ್ಟು ಎಂದು ಬೇರೆಬೇರೆ ಬರೆದಿರುತ್ತಾರೆ. ಏಳು ಜನಕ್ಕೆ ಎರಡನೆಯದೇ ಲೆಕ್ಕ. ಗಾಳಿಯನ್ನು ಟೈರು ತಣ್ಣಗಿರುವಾಗ, ಊರ ಬಂಕಿನಲ್ಲೇ ನೋಡಿಸಬೇಕು; ಓಡಿ ಬಿಸಿಯಾದ ಟೈರು ಇಲ್ಲದ ಗಾಳಿಯನ್ನು ಇದೆಯೆಂದು ತೋರಿಸುತ್ತದೆ. ಸಾಮಾನಿನ ಅಡಿ ಹೂತುಹೋಗುವ ಸ್ಟೆಪ್ನಿಗೂ ಆಗಲೇ ಗಾಳಿ ಹೊಡೆಸಬೇಕು. ಇನ್ನೊಂದು ಬ್ರೇಕು. ನಾಗೋಡಿಯಿಂದ ಕೊಲ್ಲೂರಿಗೆ ಇಳಿಯುವಾಗ ಕಾಲು ಬ್ರೇಕಿನ ಮೇಲೇ ಇದ್ದರೆ ಅದು ಕಾದು ಹಿಡಿತ ಬಿಡುತ್ತದೆ. ಇಳಿಜಾರು ಶುರುವಾಗುವ ಮೊದಲೇ ಎರಡನೇ ಗೇರಿಗೆ ಬಂದು ಎಂಜಿನ್ನೇ ಗಾಡಿಯನ್ನು ತಡೆಯುವಂತೆ ಮಾಡಬೇಕು. ಸುಟ್ಟ ವಾಸನೆ ಬಂದರೆ, ಪೆಡಲ್ ಎಂದಿಗಿಂತ ಕೆಳಗೆ ಹೋದರೆ, ಅಗಲ ಜಾಗದಲ್ಲಿ ನಿಲ್ಲಿಸಿ ತಾನಾಗಿ ಆರುವ ತನಕ ಕಾಯಬೇಕು, ನೀರು ಸುರಿಯಬಾರದು.

ಇಂಧನದ ವಿಷಯದಲ್ಲೂ ಅವರು ಹಳೆಯ ಕಾಲದಲ್ಲೇ ಇದ್ದಾರೆ. ಎಲ್ಲೆಲ್ಲಿ ಬಂಕಿದೆ ಎಂದು ಪಟ್ಟಿ ಕೊಡುತ್ತಾರೆ. ಲೀಟರಿಗೆ 14 ಕಿಲೋಮೀಟರ್ ಕೊಡುವ ಗಾಡಿಗೆ ಈ ಇಡೀ ಸುತ್ತಿಗೆ ಬೇಕಾದದ್ದು 26 ಲೀಟರಿನ ಆಸುಪಾಸು. 45 ಲೀಟರಿನ ಟ್ಯಾಂಕನ್ನು ಊರಲ್ಲೇ ತುಂಬಿಸಿದರೆ ಎಲ್ಲೂ ನಿಲ್ಲಬೇಕಾಗಿಲ್ಲ. ಅನುಕೂಲವೇ ಇಲ್ಲಿ ಹಾನಿ. ಲಾಂಚಿನಂತೆ ಬಂಕೂ ನಮ್ಮನ್ನು ಒತ್ತಾಯದಿಂದ ಇಳಿಸುತ್ತಿತ್ತು, ಈಗ ಅದೂ ಇಲ್ಲ. ಆದ್ದರಿಂದ ಡೀಸೆಲ್ ಬೇಕಿರಲಿ ಬಿಡಲಿ, ಎರಡು ತಾಸಿಗೊಮ್ಮೆ ಹದಿನೈದು ನಿಮಿಷದ ನಿಲುಗಡೆಯನ್ನು ಜಾಗದ ಹೆಸರಿನೊಂದಿಗೆ ಬರೆಯಬೇಕು. ದೇವಸ್ಥಾನದ ಸರತಿಯಲ್ಲಿ ನಿಂತದ್ದು ಓಡಿಸುವವನ ವಿಶ್ರಾಂತಿಯ ಲೆಕ್ಕಕ್ಕೆ ಸೇರದು.

ಯೋಜನೆಯ ಪರವಾಗಿ ಒಂದು ಮಾತು ಹೇಳಬೇಕು. ಕ್ಷೇತ್ರಗಳ ಆಯ್ಕೆ ಚೆನ್ನಾಗಿದೆ, ಹೋದ ದಾರಿಯಲ್ಲೇ ಮರಳದೆ ಸುತ್ತಿ ಬರುವ ಕ್ರಮವೂ ಚೆನ್ನ. ಅದಕ್ಕೆ ಬೇಕಾದದ್ದು ಒಂದು ರಾತ್ರಿ. ಮುರುಡೇಶ್ವರದಲ್ಲಿ ತಂಗಿದರೆ ಮೊದಲ ದಿನ ಸುಮಾರು ಐದೂವರೆ ಗಂಟೆ, ಎರಡನೆಯ ದಿನ ಐದಕ್ಕೂ ಕಡಿಮೆ. ಘಾಟಿಯನ್ನು ಹಗಲಲ್ಲಿ ಹತ್ತಬಹುದು. ರಾತ್ರಿ ತಂಗಲು ಆಗದವರು ಕೊಲ್ಲೂರಿನಿಂದಲೇ ಅದೇ ಸೇತುವೆಯ ಮೇಲೆ ಹಿಂದಿರುಗಲಿ. ಆಗಲೂ ಓಟ ಎಂಟು ಗಂಟೆಯ ಹತ್ತಿರ ಬರುತ್ತದೆ, ಹಾಗಾಗಿ ಗಾಡಿ ಬಿಡಬಲ್ಲ ಎರಡನೆಯವರು ಜೊತೆಗಿರಬೇಕು. ಒಂದೂವರೆಗೆ ಹೊರಟು, ದಾರಿಯಲ್ಲಿ ಎರಡು ಕಡೆ ನಿಂತು ಬಂದರೂ ಆರು ಗಂಟೆಗೆ ಮನೆ.

ಆದ್ದರಿಂದ ಈ ಯೋಜನೆಯ ತೀರ್ಮಾನದ ಜಾಗ ಕೊಲ್ಲೂರು. ಊಟ ಮುಗಿಸಿ ಗಾಡಿಯ ಹತ್ತಿರ ಬಂದಾಗ ಮುಂದಕ್ಕೋ ಹಿಂದಕ್ಕೋ ಎಂದು ಕೇಳುವವರು ಒಬ್ಬರಿರಬೇಕು, ಉತ್ತರ ಹೇಳುವ ಅಧಿಕಾರ ಓಡಿಸುವವನಿಗೆ ಇರಬೇಕು. ಹಿಂದೆ ಹೊಳೆಬಾಗಿಲಿನಲ್ಲಿ ಆ ಉತ್ತರವನ್ನು ಲಾಂಚಿನವನು ಹೇಳುತ್ತಿದ್ದ, ನಾವು ಗೊಣಗುತ್ತಲೇ ಕೇಳುತ್ತಿದ್ದೆವು. ಇನ್ನು ಮುಂದೆ ಮನೆಯ ಹುಡುಗ ‘ಸಾಕು, ತಿರುಗೋಣ’ ಎಂದಾಗಲೂ ಹಿರಿಯರು ಹಾಗೆಯೇ ಕೇಳಬೇಕು.