ಬಣ್ಣಕ್ಕೆ ಲೆಕ್ಕ ಬರುವುದಿಲ್ಲ

ಕರ್ನಾಟಕದಿಂದ ಕಾಶಿಗೆ ಯಾತ್ರಿಕರ ತಂಡಗಳನ್ನು ಕರೆದೊಯ್ಯುವ ಒಂದು ಸಣ್ಣ ಸಂಸ್ಥೆಯವರು ತಮ್ಮ ಸಿಬ್ಬಂದಿಗೆ ಹೊರಡಿಸಿದ ಒಂದು ಪುಟದ ಸುತ್ತೋಲೆ ಈಚೆಗೆ ನನ್ನ ಕೈಗೆ ಬಂತು. ಬೆಂಗಳೂರಿನಲ್ಲಿ ಬುಕಿಂಗ್ ಮಾಡುವವರೂ ವಾರಾಣಸಿಯಲ್ಲಿ ವಾಹನ, ವಸತಿ ನೋಡಿಕೊಳ್ಳುವವರೂ ಒಂದೇ ಎಕ್ಸೆಲ್ ಕಡತ ತುಂಬುತ್ತಾರೆ. ಅದರಲ್ಲಿ ಹೆಸರು ಹೇಗಿರಬೇಕು, ಬಣ್ಣ ಯಾವುದು, ಯಾರು ಎಲ್ಲಿ ಏನು ಬರೆಯಬೇಕು ಎಂಬ ನಿಯಮಗಳು ಈ ಸುತ್ತೋಲೆಯಲ್ಲಿವೆ.

ಹೆಸರಿನ ಭಾಗವನ್ನು ಮನಸಾರೆ ಮೆಚ್ಚುತ್ತೇನೆ. ನಮಗೆ ಕಾಶಿ, ಬನಾರಸ್, ವಾರಾಣಸಿ ಮೂರೂ ಒಂದೇ ಊರು. ರೈಲ್ವೆಗೆ ಅವು ಮೂರು ನಿಲ್ದಾಣಗಳು. ವಾರಾಣಸಿ ಜಂಕ್ಷನ್ BSB, ರಾಜಘಾಟಿನ ಬಳಿಯ ಕಾಶಿ KEI. ಮಂಡುವಾಡೀಹ್ ಆಗಿದ್ದ ನಿಲ್ದಾಣ 2021ರಲ್ಲಿ ಬನಾರಸ್ ಎಂದು ಹೆಸರು ಬದಲಿಸಿಕೊಂಡು BSBS ಆಯಿತು. ಬೆಂಗಳೂರಿನಿಂದ ಹೊರಡುವ ಸಂಘಮಿತ್ರ ಎಕ್ಸ್‌ಪ್ರೆಸ್ ಈ ಮೂರಕ್ಕೂ ಹೋಗುವುದಿಲ್ಲ. ಅದರಲ್ಲಿ ಬಂದವರು ಗಂಗೆಯ ಆಚೆಯ DDUನಲ್ಲಿ, ಅಂದರೆ ಹಳೆಯ ಮೊಘಲ್‌ಸರಾಯಿಯಲ್ಲಿ ಇಳಿಯಬೇಕು. ಇಳಿಯುವ ಜಾಗದ ಕಾಲಮ್ಮಿನಲ್ಲಿ ಯಾರಾದರೂ ‘ಕಾಶಿ’ ಎಂದು ಬರೆದರೆ ಬಸ್ಸು ಎಲ್ಲಿಗೆ ಹೋಗಬೇಕು? ಹಾಗಾಗಿ ನಿಲ್ದಾಣದ ಕೋಡ್ ಅಲ್ಲದೆ ಬೇರೇನೂ ಬರೆಯಕೂಡದು ಎನ್ನುತ್ತದೆ ಸುತ್ತೋಲೆ. ಹಾಳೆಯ ಹೆಸರೂ `2025-11-05_DDU` ಎಂಬ ಮಾದರಿಯಲ್ಲಿರಬೇಕು. ವರ್ಷ ಮೊದಲು ಬರುವುದರಿಂದ ಹೆಸರಿನ ಪ್ರಕಾರ ಜೋಡಿಸಿದರೆ ದಿನಾಂಕದ ಪ್ರಕಾರವೂ ಜೋಡಣೆಯಾಗುತ್ತದೆ. ಹಾಳೆಯ ಹೆಸರಿನಲ್ಲಿ ಓರೆಗೆರೆಯನ್ನು ಎಕ್ಸೆಲ್ ಒಪ್ಪುವುದಿಲ್ಲ, ಅಡ್ಡಗೆರೆಯನ್ನು ಒಪ್ಪುತ್ತದೆ. ಬರೆದವರು ಕೆಲಸ ಬಲ್ಲವರು.

ಬಣ್ಣದ ಭಾಗದಲ್ಲಿ ನನ್ನ ತಕರಾರಿದೆ. ತುಂಬಬೇಕಾದ ಕೋಶ ತಿಳಿ ಹಳದಿ, ಸೂತ್ರವಿರುವ ಕೋಶ ಬೂದು, ಅದನ್ನು ಮುಟ್ಟಬಾರದು. ಇಲ್ಲಿಯವರೆಗೆ ಸರಿ. ಮುಂದಿನ ಸಾಲಿನಲ್ಲಿ, ಬರುವುದಿಲ್ಲವೆಂದವರ ಸಾಲಿಗೆ ಕೆಂಪು ಬಳಿಯಿರಿ, ಪೂರ್ತಿ ಹಣ ಕಟ್ಟಿದವರಿಗೆ ಹಸಿರು ಎಂದಿದೆ. ಮೊದಲಿನ ಎರಡು ಬಣ್ಣಗಳು ಎಲ್ಲಿ ಬರೆಯಬೇಕೆಂದು ತೋರಿಸುತ್ತವೆ. ಈ ಎರಡು ಬಣ್ಣಗಳು ಸ್ವತಃ ಮಾಹಿತಿಯಾಗಿಬಿಟ್ಟಿವೆ, ಬೇರೆಲ್ಲೂ ಅದನ್ನು ಬರೆದಿಲ್ಲ. ಎಕ್ಸೆಲ್‌ನ ಮಾಮೂಲಿ ಸೂತ್ರಗಳಿಗೆ ಕೋಶದ ಬಣ್ಣ ಕಾಣಿಸುವುದಿಲ್ಲ.

42 ಜನರ ತಂಡದಲ್ಲಿ ಮೂವರು ಹಿಂದೆ ಸರಿದರು, ಅವರ ಸಾಲುಗಳು ಕೆಂಪಾದವು ಎಂದಿಟ್ಟುಕೊಳ್ಳಿ. ಹೆಸರುಗಳನ್ನು ಎಣಿಸುವ ಸೂತ್ರ ಆಗಲೂ 42 ಎನ್ನುತ್ತದೆ. ಕೋಣೆಗೆ ಮೂವರಂತೆ 14 ಕೋಣೆ ಕಾದಿರಿಸುತ್ತಾರೆ, ಬೇಕಾಗಿರುವುದು 13. ಪಟ್ಟಿಯನ್ನು ನಕಲು ಮಾಡಿ ವಾಟ್ಸಾಪಿನಲ್ಲಿ ಬರೀ ಪಠ್ಯವಾಗಿ ಅಂಟಿಸಿದರೆ ಕೆಂಪು ಉದುರಿಹೋಗಿ, ಅಡುಗೆಯವರಿಗೆ ಆ ಮೂವರೂ ಬರುವವರೇ. ಕೆಂಪು, ಹಸಿರಿನ ಭೇದ ಕಾಣದ ಕಣ್ಣಿನವರು ತಂಡದಲ್ಲಿದ್ದರಂತೂ ಕಡತ ತೆರೆದರೂ ಪ್ರಯೋಜನವಿಲ್ಲ.

ಇದಕ್ಕೆ ‘ಸ್ಥಿತಿ’ ಎಂಬ ಒಂದು ಕಾಲಮ್ ಸಾಕು. ಅದರಲ್ಲಿ ಖಚಿತ ಅಥವಾ ರದ್ದು ಎಂಬ ಪದವಿರಲಿ. ಸ್ಥಿತಿ D ಕಾಲಮ್ಮಿನಲ್ಲೂ ನಿಲ್ದಾಣ F ಕಾಲಮ್ಮಿನಲ್ಲೂ ಇದ್ದರೆ, ಎಣಿಕೆಗೆ ಮೊದಲ ಸಾಲು, ಕಂಡೀಷನಲ್ ಫಾರ್ಮ್ಯಾಟಿಂಗ್‌ಗೆ ಎರಡನೆಯದು:

```
=COUNTIFS(D2:D43,"ಖಚಿತ",F2:F43,"DDU")
=$D2="ರದ್ದು"
```

ರದ್ದು ಎಂದು ಬರೆದೊಡನೆ ಸಾಲು ತಾನಾಗಿಯೇ ಕೆಂಪಾಗುತ್ತದೆ. ಕೈಯಿಂದ ಬಳಿಯುವ ಕೆಲಸವೇ ಇಲ್ಲ.

ಮಾಹಿತಿ ತುಂಬುವ ನಿಯಮಗಳು ಅರ್ಧ ದಾರಿಯಲ್ಲಿ ನಿಂತಿವೆ. ನಿಲ್ದಾಣದ ಕೋಡನ್ನು ಡ್ರಾಪ್‌ಡೌನ್ ಪಟ್ಟಿಯಿಂದಲೇ ಆರಿಸಬೇಕೆಂದಿದೆ. ಆದರೆ ಆ ಕಾವಲು ಟೈಪ್ ಮಾಡುವವರನ್ನು ಮಾತ್ರ ತಡೆಯುತ್ತದೆ. ಪೇಸ್ಟ್ ಮಾಡಿದ್ದು ಪರೀಕ್ಷೆಯಿಲ್ಲದೆ ಒಳಗೆ ಬರುತ್ತದೆ. ಬೇರೆ ಹಾಳೆಯ ಕೋಶವನ್ನು ಹಾಗೇ ಅಂಟಿಸಿದರೆ ಪಟ್ಟಿಯೇ ಅಳಿಸಿಹೋಗುತ್ತದೆ. ಪೇಸ್ಟ್ ಮಾಡುವುದಿದ್ದರೆ Paste Values ಮಾತ್ರ, ಆಮೇಲೆ Data ಮೆನುವಿನ Circle Invalid Data ಒತ್ತಿ ನೋಡಿ ಎಂಬ ಎರಡು ವಾಕ್ಯ ಸೇರಬೇಕಿತ್ತು.

ದಿನಾಂಕವನ್ನು ದಿನ/ತಿಂಗಳು/ವರ್ಷ ಎಂದು ಬರೆಯಿರಿ ಎಂಬ ನಿಯಮ ಇನ್ನೂ ಅಪಾಯದ್ದು. 2025ರ ದೇವ ದೀಪಾವಳಿ ನವೆಂಬರ್ 5ಕ್ಕಿತ್ತು. ಅದನ್ನು 05/11/2025 ಎಂದು ಬರೆದರೆ, ಅಮೆರಿಕದ ಸೆಟ್ಟಿಂಗ್ ಇರುವ ಕಂಪ್ಯೂಟರ್ ಸದ್ದಿಲ್ಲದೆ ಮೇ 11 ಎಂದು ಓದಿಕೊಳ್ಳುತ್ತದೆ. 14/11/2025 ಎಂದರೆ ಹದಿನಾಲ್ಕನೆಯ ತಿಂಗಳು ಸಿಗದೆ ಅದನ್ನು ಬರೀ ಪಠ್ಯವಾಗಿ ಇಟ್ಟುಕೊಂಡು ಕೋಶದ ಎಡಕ್ಕೆ ಸರಿಸುತ್ತದೆ. ಒಂದೇ ಕಾಲಮ್ಮಿನಲ್ಲಿ ಕೆಲವು ದಿನಾಂಕ ಎಡಕ್ಕೆ, ಕೆಲವು ಬಲಕ್ಕೆ ನಿಂತಿದ್ದರೆ, ಬಲಕ್ಕಿರುವವನ್ನೂ ನಂಬಬೇಡಿ. ಹಾಳೆಯ ಹೆಸರಿಗೆ ಇವರೇ ಇಟ್ಟುಕೊಂಡ 2025-11-05 ಎಂಬ ಕ್ರಮವನ್ನು ಕೋಶಕ್ಕೂ ತಂದಿದ್ದರೆ ಈ ತೊಡಕೇ ಇರುತ್ತಿರಲಿಲ್ಲ.

ಹೆಸರಿನ ನಿಯಮಗಳನ್ನು ಯಾವ ತಂಡವಾದರೂ ಹಾಗೆಯೇ ಎತ್ತಿಕೊಳ್ಳಬಹುದು. ಕೆಂಪು, ಹಸಿರಿನ ಸಾಲನ್ನು ಮಾತ್ರ ಮುಂದಿನ ತಂಡ ಹೊರಡುವ ಮೊದಲೇ ಹೊಡೆದುಹಾಕಬೇಕು.