‘ಭಿನ್ನಾಭಿಪ್ರಾಯಗಳಿವೆ’ ಎಂಬಲ್ಲಿ ನಿಲ್ಲುವ ಕಂಡಿಕೆ: ಕೊಡವ ಭಾಷೆಯ ವರ್ಗೀಕರಣಚರಿತ್ರೆಯ ಒಂದು ಮರುಬರಹ

ಕೊಡವ ಭಾಷೆಯನ್ನು ಕುರಿತ ಸಂಶೋಧನ ಪ್ರಬಂಧಗಳಲ್ಲಿ ಪೂರ್ವಾಧ್ಯಯನದ ಭಾಗ ಬಹುಮಟ್ಟಿಗೆ ಒಂದೇ ಅಚ್ಚಿನಲ್ಲಿ ಮೂಡುತ್ತದೆ. ಆ ಅಚ್ಚನ್ನು ಪರಿಶೀಲಿಸಲು ಇಲ್ಲಿ ನಾವೇ ಒಂದು ಮಾದರಿ ಕಂಡಿಕೆಯನ್ನು ರಚಿಸಿಕೊಂಡಿದ್ದೇವೆ. ಇದು ಯಾವ ಒಬ್ಬ ಸಂಶೋಧಕರ ಬರಹವೂ ಅಲ್ಲ.

‘ಕೊಡವ ಭಾಷೆಯ ಬಗೆಗೆ ಅನೇಕ ವಿದ್ವಾಂಸರು ಅಧ್ಯಯನ ನಡೆಸಿದ್ದಾರೆ. ಕಾಲ್ಡ್‌ವೆಲ್ 1856ರಲ್ಲಿ ಇದನ್ನು ಕನ್ನಡಕ್ಕೆ ಸೇರಿದ ನುಡಿಯೆಂದು ಕಂಡರು. ಕೋಲ್ 1867ರಲ್ಲಿ ಇದರ ವ್ಯಾಕರಣವನ್ನು ಪ್ರಕಟಿಸಿದರು. ಕಾಲ್ಡ್‌ವೆಲ್ 1875ರಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನ ನೀಡಿದರು. ಎಮೆನೊ 1970ರಲ್ಲಿ ಇದರ ಸ್ವರಗಳನ್ನು ವಿವರಿಸಿದರು. ಭದ್ರಿರಾಜು ಕೃಷ್ಣಮೂರ್ತಿ 2003ರಲ್ಲಿ ಇದನ್ನು ದಕ್ಷಿಣ ದ್ರಾವಿಡದ ಮೊದಲ ಶಾಖೆಗೆ ಸೇರಿಸಿದರು. ಹೀಗೆ ಈ ವಿಷಯದಲ್ಲಿ ಭಿನ್ನಾಭಿಪ್ರಾಯಗಳಿವೆ.’

ಇಲ್ಲಿ ಯಾವ ವಾಕ್ಯವೂ ಸುಳ್ಳಲ್ಲ. ಆದರೂ ಕೊನೆಯ ವಾಕ್ಯ ಹಿಂದಿನವುಗಳಿಂದ ಹೊರಡುವುದಿಲ್ಲ. ಕೋಲ್ ಅವರದು ವರ್ಣನಾತ್ಮಕ ವ್ಯಾಕರಣ. ಎಮೆನೊ ಅವರ ಆ ಲೇಖನ ಸ್ವರಗಳ ಚರಿತ್ರೆ. ಕೃಷ್ಣಮೂರ್ತಿಯವರ ಮೊದಲ ಶಾಖೆಯಲ್ಲಿ ತಮಿಳು, ಕನ್ನಡಗಳೆರಡೂ ಇವೆ. ಆದುದರಿಂದ ಕೊಡವ ಭಾಷೆ ಆ ಶಾಖೆಗೆ ಸೇರಿದೆಯೆಂಬ ಮಾತು, ಅದು ಯಾವುದಕ್ಕೆ ಹೆಚ್ಚು ಹತ್ತಿರವೆಂಬ ಪ್ರಶ್ನೆಯನ್ನು ಮುಟ್ಟುವುದೇ ಇಲ್ಲ. ಬೇರೆ ಬೇರೆ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ಇಸವಿಯ ದಾರದಲ್ಲಿ ಪೋಣಿಸಿ ಅದನ್ನು ಭಿನ್ನಾಭಿಪ್ರಾಯವೆಂದು ಕರೆಯಲಾಗಿದೆ. ನಿಜವಾಗಿ ಅಭಿಪ್ರಾಯ ಬದಲಾಗಿರುವುದು ಕಾಲ್ಡ್‌ವೆಲ್ ಅವರ ಎರಡು ಆವೃತ್ತಿಗಳ ನಡುವೆ. ಅದು ಏಕೆ ಬದಲಾಯಿತೆಂಬುದನ್ನು ಮಾತ್ರ ಕಂಡಿಕೆ ಕೇಳುವುದಿಲ್ಲ.

ಮರುಬರಹದ ಮೊದಲ ಹೆಜ್ಜೆ ಇಸವಿಗಳನ್ನು ಬದಿಗಿಟ್ಟು, ಪ್ರತಿಯೊಬ್ಬರೂ ಯಾವುದನ್ನು ಸಾಕ್ಷ್ಯವೆಂದು ಎಣಿಸಿದರೆಂದು ಗುರುತಿಸುವುದು. ಹಾಗೆ ನೋಡಿದಾಗ ಮೂರು ಪಂಥಗಳು ಕಾಣುತ್ತವೆ. ಮೊದಲನೆಯದು ಬಳಕೆಯನ್ನು ಆಧಾರವಾಗಿ ಇಟ್ಟುಕೊಂಡದ್ದು. ಕೊಡಗಿನ ಅರಸರ ಆಡಳಿತ ಕನ್ನಡದಲ್ಲಿತ್ತು. ದೊಡ್ಡ ವೀರರಾಜೇಂದ್ರ ಬರೆಯಿಸಿದ ‘ರಾಜೇಂದ್ರನಾಮೆ’ ಕನ್ನಡದ ಕೃತಿ. ಕೊಡವ ಹಾಡುಗಳ ಸಂಗ್ರಹವಾದ ‘ಪಟ್ಟೋಲೆ ಪಳಮೆ’ 1924ರಲ್ಲಿ ಕನ್ನಡ ಲಿಪಿಯಲ್ಲೇ ಅಚ್ಚಾಯಿತು. ಬರಹದ ಭಾಷೆ ಕನ್ನಡವಾದ್ದರಿಂದ ಆಡುವ ಭಾಷೆ ಅದರ ಉಪಭಾಷೆಯೆಂದು ಈ ಪಂಥ ತಿಳಿಯುತ್ತದೆ. ಎರಡನೆಯದು ಹೋಲಿಕೆಯ ಪಂಥ. ಕೊಡಗಿನಲ್ಲಿದ್ದ ಮಿಷನರಿ ಮ್ಯೋಗ್ಲಿಂಗ್, ಈ ಭಾಷೆ ಕನ್ನಡಕ್ಕಿಂತ ತಮಿಳು ಮಲಯಾಳಗಳಿಗೆ ಸಮೀಪವೆಂದರು. ಕಾಲ್ಡ್‌ವೆಲ್ 1875ರಲ್ಲಿ ಆ ಮಾತನ್ನು ಗಣನೆಗೆ ತೆಗೆದುಕೊಂಡರು. ಮೂರನೆಯದು ತೌಲನಿಕ ಪಂಥ. ಎಮೆನೊ, ಕೃಷ್ಣಮೂರ್ತಿ ಮೊದಲಾದವರಿಗೆ ಬರಿಯ ಹೋಲಿಕೆ ಸಾಲದು. ಎರಡು ಭಾಷೆಗಳು ಒಟ್ಟಿಗೆ ಪಡೆದ ಹೊಸ ಬದಲಾವಣೆ ಮಾತ್ರ ಹತ್ತಿರದ ಸಂಬಂಧಕ್ಕೆ ಸಾಕ್ಷಿ.

ಎರಡನೆಯ ಹೆಜ್ಜೆ ಈ ಪಂಥಗಳನ್ನು ಒಂದೇ ಸಾಮಗ್ರಿಯ ಮುಂದೆ ನಿಲ್ಲಿಸುವುದು. ಕಿವಿಗೆ ಕೊಡವ ಭಾಷೆಯಲ್ಲಿ ‘ಕೆವಿ’, ತಮಿಳಿನಲ್ಲಿ ‘ಚೆವಿ’, ತುಳುವಿನಲ್ಲಿ ‘ಕೆಬಿ’. ಪದಾದಿಯ ಕಕಾರವನ್ನು ತೋರಿಸಿ ಕೊಡವ ಭಾಷೆ ಕನ್ನಡದ ಕಡೆಗಿದೆ ಎನ್ನಬಹುದು. ಮೂರಕ್ಕೆ ಕೊಡವ ಭಾಷೆಯಲ್ಲಿ ‘ಮೂಂದ್’, ಹಳಗನ್ನಡದಲ್ಲಿ ‘ಮೂಱು’. ಹಾವಿಗೆ ಇಲ್ಲಿ ‘ಪಾಂಬ್’, ಹಳಗನ್ನಡದಲ್ಲಿ ‘ಪಾವು’. ಅನುನಾಸಿಕವನ್ನು ತೋರಿಸಿ ಅದೇ ಭಾಷೆ ತಮಿಳಿನ ಕಡೆಗಿದೆ ಎನ್ನಬಹುದು. ಹೋಲಿಕೆಯ ಪಂಥದ ಜಗಳ ಇಲ್ಲಿಯೇ ಸಿಕ್ಕಿಕೊಳ್ಳುತ್ತದೆ, ಏಕೆಂದರೆ ಈ ಎರಡು ಲಕ್ಷಣಗಳೂ ಮೂಲ ದ್ರಾವಿಡದಿಂದ ಉಳಿದುಬಂದವು. ಅಜ್ಜನ ಕಾಲದ ಪಾತ್ರೆ ಇಬ್ಬರು ದಾಯಾದಿಗಳ ಮನೆಯಲ್ಲಿ ಉಳಿದಿದೆಯೆಂದ ಮಾತ್ರಕ್ಕೆ ಅವರಿಬ್ಬರೂ ಒಡಹುಟ್ಟಿದವರಾಗುವುದಿಲ್ಲ.

ಆದರೆ ಉಳಿಕೆಗಳು ನಿಷ್ಪ್ರಯೋಜಕವಲ್ಲ. ಸಾಮೀಪ್ಯವನ್ನು ಸಾಧಿಸಲಾರದ ಅವು ಸಂತತಿಯನ್ನು ನಿರಾಕರಿಸಬಲ್ಲವು. ಹಳಗನ್ನಡದಲ್ಲಿಯೇ ಅನುನಾಸಿಕ ಕಳೆದುಹೋಗಿದ್ದ ‘ಮೂಱು’ವಿನಿಂದ ‘ಮೂಂದ್’ ಹುಟ್ಟಲಾರದು. ಚಕಾರವಾಗಿದ್ದ ‘ಚೆವಿ’ಯಿಂದ ‘ಕೆವಿ’ ಹುಟ್ಟಲಾರದು. ಎರವಲೆಂಬ ಆಕ್ಷೇಪವನ್ನೂ ಇಲ್ಲಿ ಎದುರಿಸಬೇಕು. ‘ಪಾಂಬ್’ ಒಂದನ್ನೇ ಹಿಡಿದರೆ ಅದು ಮಲಯಾಳದಿಂದ ಬಂದಿರಬಹುದೆಂಬ ಸಂದೇಹ ಉಳಿಯುತ್ತದೆ. ಮಲಯಾಳದ ‘ಮೂನ್ನು’ ಎಂಬಲ್ಲಿ ದಕಾರವಿಲ್ಲದ ಕಾರಣ ‘ಮೂಂದ್’ ಬಗೆಗೆ ಆ ಸಂದೇಹ ದುರ್ಬಲ. ‘ಕೆವಿ’ಯ ಎಕಾರ ಕನ್ನಡದ ‘ಕಿವಿ’ಯಿಂದ ಬಂದುದಲ್ಲ. ಪಾಲಿಬೆಟ್ಟದಂಥ ಊರಿನಲ್ಲಿ ಸಾಮಗ್ರಿ ಸಂಗ್ರಹಿಸುವವರಿಗೆ ಈ ಜರಡಿ ಅನಿವಾರ್ಯ. ದಕ್ಷಿಣ ಕೊಡಗಿನ ಕಾಫಿ ತೋಟಗಳ ನಡುವೆ ಕೊಡವ ಭಾಷೆಯೊಡನೆ ಕನ್ನಡ, ಮಲಯಾಳ, ತಮಿಳು, ಎರವ ನುಡಿಗಳೂ ದಿನನಿತ್ಯ ಕೇಳುತ್ತವೆ. ಅಲ್ಲಿನ ಒಂದು ಹೋಲಿಕೆ ವಂಶದ್ದೋ ನೆರೆಯದ್ದೋ ಎಂಬುದು ಕಿವಿಗೆ ತಿಳಿಯುವುದಿಲ್ಲ.

ಹೊಸ ಬದಲಾವಣೆಯೆಂದು ಕಂಡದ್ದನ್ನೂ ಹೀಗೆಯೇ ಪರೀಕ್ಷಿಸಬೇಕು. ಓಷ್ಠ್ಯ ವ್ಯಂಜನದ ನಂತರ, ಮೂರ್ಧನ್ಯದ ಹಿಂದೆ ಬಂದ ಎಕಾರ ಕೊಡವ ಭಾಷೆಯಲ್ಲಿ ಒಕಾರವಾಗುತ್ತದೆ: ಹಳಗನ್ನಡದ ‘ಪೆಣ್’ ಇಲ್ಲಿ ‘ಪೊಣ್ಣ್’. ಆಡುಮಾತಿನ ತಮಿಳಿನಲ್ಲಿಯೂ ತುಳುವಿನಲ್ಲಿಯೂ ‘ಪೊಣ್ಣು’ ಇದೆ. ಅಷ್ಟರಿಂದ ಈ ಮೂರನ್ನು ಒಂದು ಗುಂಪಾಗಿಸಲು ಯಾರೂ ಒಪ್ಪರು. ಇಂಥ ಧ್ವನಿಪರಿಸರದಲ್ಲಿ ತುಟಿ ದುಂಡಗಾಗುವುದು ಬೇರೆ ಬೇರೆಯಾಗಿಯೂ ನಡೆಯಬಹುದು.

ಮೂರನೆಯ ಹೆಜ್ಜೆಯಲ್ಲಿ ಕಂಡಿಕೆಯನ್ನು ಹೀಗೆ ಬರೆಯಬಹುದು:

‘ಕೊಡವ ಭಾಷೆ ಕನ್ನಡದ ಸಂತತಿಯಲ್ಲವೆಂದೂ, ಆದರೆ ಅಷ್ಟರಿಂದ ಅದು ತಮಿಳಿನ ಗುಂಪಿಗೆ ಸೇರಿತೆಂದು ಸಿದ್ಧವಾಗುವುದಿಲ್ಲವೆಂದೂ ನಾವು ವಾದಿಸುತ್ತೇವೆ. ಉಪಭಾಷೆಯೆಂಬ ನಿಲುವು ಕನ್ನಡದ ಆಡಳಿತ ಮತ್ತು ಲಿಪಿಯನ್ನು ಆಧರಿಸಿದೆ. ಅದು ಬಳಕೆಯ ಚರಿತ್ರೆಯೇ ಹೊರತು ವಂಶದ ಚರಿತ್ರೆಯಲ್ಲ. ಮ್ಯೋಗ್ಲಿಂಗ್ ಅವರ ಹೋಲಿಕೆಯೂ ಅದನ್ನು ಗಣನೆಗೆ ತೆಗೆದುಕೊಂಡ 1875ರ ಕಾಲ್ಡ್‌ವೆಲ್ ಅವರ ತಿದ್ದುಪಡಿಯೂ ಪ್ರಶ್ನೆಯನ್ನು ಭಾಷೆಯ ಒಳಕ್ಕೆ ತಂದವು. ಆದರೆ ಹೋಲಿಕೆಯಷ್ಟರಿಂದ ಉಳಿಕೆಯೂ ಹೊಸತೂ ಬೇರ್ಪಡುವುದಿಲ್ಲ. ತೌಲನಿಕ ಪಂಥದ ಮಾನದಂಡವನ್ನು ಅನ್ವಯಿಸಿದರೆ ‘ಮೂಂದ್’ ಕನ್ನಡ ಸಂತತಿಯನ್ನೂ ‘ಕೆವಿ’ ತಮಿಳು ಸಂತತಿಯನ್ನೂ ತಳ್ಳಿಹಾಕುತ್ತವೆ. ಒಳಗುಂಪಿನ ಪ್ರಶ್ನೆಗೆ ನೆರೆಪ್ರಭಾವದಿಂದ ವಿವರಿಸಲಾಗದ ಸಮಾನ ಹೊಸ ಬದಲಾವಣೆಗಳು ಬೇಕು. ಹಳಗನ್ನಡದ ಅವಧಿಯ ನಂತರ ನಡೆದ, ಎರವಲಲ್ಲದ ಬದಲಾವಣೆಯೊಂದು ಕನ್ನಡ ಮತ್ತು ಕೊಡವ ಎರಡಕ್ಕೂ ಸಮಾನವೆಂದು ಸಿದ್ಧವಾದರೆ ನಮ್ಮ ಮೊದಲ ವಾದವನ್ನು ಮರುಪರಿಶೀಲಿಸಬೇಕಾಗುತ್ತದೆ.’

ಈ ರೂಪದಲ್ಲಿ ಕೋಲ್ ಇಲ್ಲ, ಎಮೆನೊ ಅವರ ಹೆಸರೂ ಇಲ್ಲ. ಅವರ ಕೃತಿಗಳು ಸಾಮಗ್ರಿಯನ್ನು ಚರ್ಚಿಸುವಲ್ಲಿ ಬರಬೇಕಾದವು. ಇನ್ನೊಂದು ವ್ಯತ್ಯಾಸ ಕ್ರಿಯಾಪದಗಳದು. ಮೊದಲ ಮಾದರಿಯಲ್ಲಿ ‘ಕಂಡರು’, ‘ನೀಡಿದರು’, ‘ಸೇರಿಸಿದರು’ ಎಂಬ ಭೂತಕಾಲದ ರೂಪಗಳು ಎಲ್ಲ ಮತಗಳನ್ನೂ ಸಮಾನ ದೂರದಲ್ಲಿ ಇರಿಸಿದ್ದವು. ಬರೆದವರು ಯಾವುದನ್ನು ಒಪ್ಪಿದ್ದಾರೆಂದು ಓದುಗರಿಗೆ ತಿಳಿಯುವ ಮಾರ್ಗವಿರಲಿಲ್ಲ. ಎರಡನೆಯದರಲ್ಲಿ ‘ಆಧರಿಸಿದೆ’, ‘ಬೇರ್ಪಡುವುದಿಲ್ಲ’, ‘ತಳ್ಳಿಹಾಕುತ್ತವೆ’ ಎಂಬವು ಬರೆದವರ ಹೊಣೆಯ ಮಾತುಗಳು. ‘ಎನ್ನಲಾಗಿದೆ’ ಎಂಬ ಕರ್ಮಣಿ ರೂಪ ಸುಳಿದೆಡೆಯೆಲ್ಲ ಯಾರ ಮಾತು, ನಾವು ಒಪ್ಪುತ್ತೇವೆಯೇ ಎಂಬ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಸೂಕ್ತ.

ಪರೀಕ್ಷೆಯೂ ಸುಲಭ. ಕಂಡಿಕೆಯಿಂದ ಹೆಸರು, ಇಸವಿಗಳನ್ನು ಅಳಿಸಿ ಓದಬೇಕು. ಮೊದಲ ಮಾದರಿಯಲ್ಲಿ ಆಗ ಏನೂ ಉಳಿಯುವುದಿಲ್ಲ. ಎರಡನೆಯದರಲ್ಲಿ ವಾದ ಉಳಿಯುತ್ತದೆ, ಅದನ್ನು ಖಂಡಿಸುವ ದಾರಿಯೂ ಉಳಿಯುತ್ತದೆ.